ಡಾಕ್ಟರ್ ಓಡಿಸಿದ ಗಾಡಿ

ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ನೋಡಲು ಹೊರಟವರಿಗೆ ಒಂದಲ್ಲ ಒಂದು ಕಡೆ ಆ ಡಾಕ್ಟರು ಸಿಕ್ಕೇ ಸಿಗುತ್ತಾರೆ. "ಸಾರ್, ಇದು ಡಾಕ್ಟರ್ ಗಾಡಿ. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ, ಅಷ್ಟೇ. ಮಳೇಲಿ ಆಚೆ ತೆಗೆದೇ ಇಲ್ಲ." ಊರಲ್ಲಿರುವ ಡಾಕ್ಟರುಗಳಿಗಿಂತ ಅವರು ಮಾರಿದ ಕಾರುಗಳೇ ಹೆಚ್ಚಿರಬೇಕು ಅಂತ ನನಗೊಂದು ಗುಮಾನಿ.

2025ರ ದೀಪಾವಳಿ ಕಳೆದ ವಾರ ತಂಗಿ ಫೋನ್ ಮಾಡಿದಳು. "ಅಣ್ಣ, ಕಾರು ತಗೋಬೇಕು ಅಂತಿದೀವಿ. ಹೊಸದಾ, ಹಳೇದಾ?" ನಾಗರಭಾವಿಯಲ್ಲಿ ಅವರ ಮನೆ. ಗಂಡ, ಹೆಂಡತಿ, ಏಳನೇ ತರಗತಿಯ ಮಗಳು, ಮಂಡಿನೋವಿನ ಅತ್ತೆ. ಗಂಡ ಪೀಣ್ಯಕ್ಕೆ ಮೆಟ್ರೋದಲ್ಲೇ ಹೋಗಿ ಬರುತ್ತಾನೆ. ಕಾರು ಬೇಕಿರುವುದು ಆಸ್ಪತ್ರೆಗೆ, ಮದುವೆ ಮುಂಜಿಗೆ, ತಿಂಗಳಿಗೊಮ್ಮೆ ತಿಪಟೂರಿನ ತೋಟಕ್ಕೆ. ವರ್ಷಕ್ಕೆ ಏಳೆಂಟು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಕೈಯಲ್ಲಿ 2 ಲಕ್ಷವಿತ್ತು, ಉಳಿದದ್ದು ಸಾಲ. ಒಟ್ಟು 6 ಲಕ್ಷದ ಆಚೆ ಹೋಗುವಂತಿಲ್ಲ.

ಇಬ್ಬರೂ ಆಗಲೇ ಒಂದು ಲೆಕ್ಕ ಹಾಕಿಟ್ಟುಕೊಂಡಿದ್ದರು. ಹೊಸ ಸಣ್ಣ ಕಾರು 5 ಲಕ್ಷ. ಐದಾರು ವರ್ಷ ಹಳೆಯ, ಹಿಂದೆ ಡಿಕ್ಕಿ ಇರುವ ಸಣ್ಣ ಸೆಡಾನ್ ಐದೂವರೆ ಲಕ್ಷ. ಇನ್ನೈವತ್ತು ಸಾವಿರ ಹಾಕಿದರೆ ದೊಡ್ಡ ಗಾಡಿಯೇ ಬರುವಾಗ ಚಿಕ್ಕದೇಕೆ ಎಂಬುದು ಅವರ ವಾದ. ಬಹಳ ಮನೆಗಳಲ್ಲಿ ಮಾತು ಶುರುವಾಗುವುದು ಹೀಗೆಯೇ, ಮತ್ತು ಲೆಕ್ಕದ ಎರಡು ಬದಿಯೂ ತಪ್ಪಿರುತ್ತದೆ.

ಮೊದಲು ಹೊಸದರ ಬದಿ. 5 ಲಕ್ಷ ಎಂಬುದು ಎಕ್ಸ್‌ಶೋರೂಂ ಬೆಲೆ. ಗಾಡಿ ರಸ್ತೆಗಿಳಿಯುವ ಮೊದಲು ಸರ್ಕಾರಕ್ಕೆ ಜೀವಿತಾವಧಿ ರಸ್ತೆ ತೆರಿಗೆ ಕಟ್ಟಬೇಕು, ಅದರಲ್ಲಿ ಕರ್ನಾಟಕ ದೇಶದಲ್ಲೇ ದುಬಾರಿ ರಾಜ್ಯಗಳ ಸಾಲಿನಲ್ಲಿದೆ. 5 ಲಕ್ಷದವರೆಗಿನ ಕಾರಿಗೆ ನೂರಕ್ಕೆ 13, ಅದು ದಾಟಿ 10 ಲಕ್ಷದವರೆಗೆ 14. ಆ ತೆರಿಗೆಯ ಮೇಲೆ ಮತ್ತೆ ಸೆಸ್ಸು. ಹೀಗೆ 5 ಲಕ್ಷದ ಕಾರಿಗೆ ತೆರಿಗೆಯೇ 72 ಸಾವಿರದ ಹತ್ತಿರ ಬರುತ್ತದೆ. ಹೊಸ ಕಾರಿಗೆ ಥರ್ಡ್ ಪಾರ್ಟಿ ವಿಮೆಯನ್ನು 3 ವರ್ಷಕ್ಕೆ ಒಟ್ಟಿಗೇ ಕೊಳ್ಳಬೇಕು. ಸ್ವಂತ ಹಾನಿಯ ವಿಮೆಯೂ ಸೇರಿ ಶೋರೂಮಿನವರು 28 ಸಾವಿರ ಹಾಕಿದ್ದರು. ನೋಂದಣಿ, ಫಾಸ್ಟ್ಯಾಗ್, ಅದು ಇದು ಸೇರಿ ಕೊಟೇಶನ್ನಿನ ಕೊನೆಯ ಸಾಲಿನಲ್ಲಿ 6 ಲಕ್ಷ 5 ಸಾವಿರ ಕೂತಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದ ಮೇಲಿನ ದರ ಇದು.

ಆ ಇಳಿಕೆಯಿಂದ ಹಳೆ ಕಾರು ಕೊಳ್ಳುವವರಿಗೂ ಅನುಕೂಲವಾಗಿದೆ, ಮಾರುವವರು ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಹಳೆ ಕಾರಿನ ಬೆಲೆಗೆ ಹೊಸ ಕಾರಿನ ಬೆಲೆಯೇ ಮೇಲಿನ ಅಂಕೆ. ಅದೇ ಮಾದರಿಯ ಹೊಸ ಗಾಡಿ 50 ಸಾವಿರ ಇಳಿದ ಮೇಲೂ ಹಳೆಯದಕ್ಕೆ ಹಳೆಯ ದರವನ್ನೇ ಕೇಳುವವರ ಮುಂದೆ ಹೊಸದರ ಕೊಟೇಶನ್ ಹಿಡಿದರೆ ಮಾತು ತಾನಾಗಿ ಇಳಿಯುತ್ತದೆ.

ಇನ್ನು ಹಳೆಯದರ ಬದಿ. ಅದನ್ನು ಹೇಳುವ ಮೊದಲು ನಾವು ನೋಡಿದ ಕಾರುಗಳ ಕಥೆ ಹೇಳಬೇಕು.

ಮೊದಲನೆಯದು ಡಾಕ್ಟರ್ ಗಾಡಿಯೇ. ಮಾಗಡಿ ರಸ್ತೆಯ ಬದಿಯ ಒಂದು ಯಾರ್ಡು. 2020ರ ಜನವರಿಯಲ್ಲಿ ನೋಂದಣಿಯಾದ ಬಿಳಿ ಸೆಡಾನ್, ಒಬ್ಬರೇ ಮಾಲೀಕರು, ಮೀಟರಿನಲ್ಲಿ 38,000 ಕಿಲೋಮೀಟರ್, ಕೇಳಿದ್ದು 5 ಲಕ್ಷ 60 ಸಾವಿರ. ತೊಳೆದು ಪಾಲಿಶ್ ಹೊಡೆದು ನಿಲ್ಲಿಸಿದ್ದರು, ಒಳಗೆ ಕೂತರೆ ಅಗರಬತ್ತಿ ಪರಿಮಳ. ತಂಗಿಯ ಮಗಳಂತೂ ಹಿಂದಿನ ಸೀಟಿನಲ್ಲಿ ತನ್ನ ಜಾಗ ಗೊತ್ತುಮಾಡಿಕೊಂಡುಬಿಟ್ಟಳು.

ನಮ್ಮ ಬೀದಿಯ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದೊಯ್ದಿದ್ದೆ. ಅರ್ಧ ದಿನದ ಕೂಲಿ 1,500 ರೂಪಾಯಿ ಅಂತ ಮೊದಲೇ ಮಾತಾಗಿತ್ತು. ಅವನು ಎಂಜಿನ್ ಹತ್ತಿರ ಹೋಗಲೇ ಇಲ್ಲ. ಕುಕ್ಕರಗಾಲಲ್ಲಿ ಕೂತು ಟೈರಿನ ಪಕ್ಕೆಯನ್ನು ಒರೆಸಿ ಓದತೊಡಗಿದ. ಪ್ರತಿ ಟೈರಿನ ಮೇಲೂ ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಡಿಕ್ಕಿಯೊಳಗಿನ ಸ್ಟೆಪ್ನಿಯ ಮೇಲೆ 4819 ಎಂದಿತ್ತು, ಅಂದರೆ 2019ರ 48ನೇ ವಾರ. ಕಾರಿನ ಜೊತೆಗೇ ಬಂದ ಟೈರು, ಸರಿ. ಓಡುತ್ತಿದ್ದ ನಾಲ್ಕರ ಮೇಲೂ 1422 ಎಂದಿತ್ತು. "ಸಾರ್, ಎರಡು ವರ್ಷ ಚಿಲ್ಲರೆಗೇ ನಾಲ್ಕೂ ಟೈರ್ ಚೇಂಜ್ ಆಗಿದೆ. ಡಾಕ್ಟರ್ ಯಾವ ಊರಲ್ಲಿ ಕ್ಲಿನಿಕ್ ಇಟ್ಟಿದ್ರು ಕೇಳಿ."

ಆ ಗಾತ್ರದ ಟೈರು ಸಾಮಾನ್ಯವಾಗಿ 40 ಸಾವಿರ ಕಿಲೋಮೀಟರ್‌ವರೆಗೆ ಬಾಳುತ್ತದೆ. ಮೀಟರು ಹೇಳುವ ಲೆಕ್ಕದಲ್ಲಿ ಈ ಗಾಡಿ ವರ್ಷಕ್ಕೆ ಓಡಿದ್ದು ಏಳು ಸಾವಿರವೂ ಇಲ್ಲ, 2022ಕ್ಕೆ 15 ಸಾವಿರ ದಾಟಿರಬಾರದು. ಅಷ್ಟಕ್ಕೇ ನಾಲ್ಕೂ ಟೈರು ಯಾರೂ ಬದಲಾಯಿಸುವುದಿಲ್ಲ. ಇಂದಿನ ಡಿಜಿಟಲ್ ಮೀಟರನ್ನು ತಿರುಗಿಸಲು ಲ್ಯಾಪ್‌ಟಾಪೊಂದು ಸಾಕು. ಆದರೆ ಅದರ ಜೊತೆಗೆ ಟೈರಿನ ತಾರೀಕು, ಸವೆದ ಬ್ರೇಕ್ ಪೆಡಲಿನ ರಬ್ಬರು, ನುಣ್ಣಗಾದ ಸ್ಟೀರಿಂಗು, ಸರ್ವೀಸ್ ಪುಸ್ತಕ ಇವೆಲ್ಲವನ್ನೂ ಒಂದೇ ಸುಳ್ಳಿಗೆ ಹೊಂದಿಸುವುದು ಕಷ್ಟ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಗಾಡಿ ಬಿಟ್ಟಾಗಲೆಲ್ಲ ತಾರೀಕು ಮತ್ತು ಕಿಲೋಮೀಟರ್ ಅವರ ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಮಾಲೀಕರು ಮನಸ್ಸು ಮಾಡಿದರೆ ಅದನ್ನು ತೋರಿಸುವುದು ಹತ್ತು ನಿಮಿಷದ ಕೆಲಸ. ಯಾರ್ಡಿನವನನ್ನು ಕೇಳಿದೆವು. "ಸರ್ವೀಸೆಲ್ಲಾ ಪರಿಚಯದ ಗ್ಯಾರೇಜಲ್ಲೇ ಮಾಡಿಸ್ತಿದ್ರು ಸಾರ್" ಅಂದ.

ನಾನು ಅವನಲ್ಲಿ ಕೇಳಿ ತೆಗೆದುಕೊಂಡದ್ದು ವಿಮೆಯ ಕಾಗದ. ಇದನ್ನು ಬಹಳ ಜನ ಚಾಲ್ತಿಯಲ್ಲಿದೆಯೇ ಎಂದಷ್ಟೇ ನೋಡಿ ಮಡಚಿಡುತ್ತಾರೆ. ಅದರಲ್ಲಿ ನೋ ಕ್ಲೇಮ್ ಬೋನಸ್ ಎಂಬ ಒಂದು ಸಾಲಿರುತ್ತದೆ. ಒಂದು ವರ್ಷ ಕ್ಲೇಮ್ ಮಾಡದೆ ನವೀಕರಿಸಿದರೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 20 ರಿಯಾಯಿತಿ, ಮುಂದಿನ ವರ್ಷಗಳಲ್ಲಿ ಅದು 25, 35, 45, ಕೊನೆಗೆ 50ಕ್ಕೆ ನಿಲ್ಲುತ್ತದೆ. ನಡುವೆ ಒಂದು ಸಲ ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆ. 2020ರ ಜನವರಿಯ ಗಾಡಿ, ಒಬ್ಬರೇ ಮಾಲೀಕರು, ಏನೂ ಆಗಿಲ್ಲ ಎಂದರೆ 2025ರ ಪಾಲಿಸಿಯಲ್ಲಿ 50 ಇರಬೇಕು. ಇದರಲ್ಲಿ 20 ಇತ್ತು. ಹಾಗಿದ್ದರೆ 2024ರ ಜನವರಿಯಲ್ಲಿ ಸೊನ್ನೆಯಾಗಿತ್ತು, ಅದಕ್ಕೆ ಹಿಂದಿನ ವರ್ಷ ಎಲ್ಲೋ ಬಡಿದಿತ್ತು. ಸಣ್ಣ ಗೀರಿಗೂ ಕ್ಲೇಮ್ ಮಾಡುವವರಿದ್ದಾರೆ, ಆದ್ದರಿಂದ ಇದೊಂದನ್ನೇ ನಂಬಿ ತೀರ್ಪು ಕೊಡುವ ಹಾಗಿಲ್ಲ. ಬೋನಸ್ಸನ್ನು ಉಳಿಸಿಕೊಡುವ ಹೆಚ್ಚುವರಿ ವಿಮೆ ಇದ್ದರೆ ಕ್ಲೇಮ್ ಆಗಿಯೂ 50 ಕಾಣಬಹುದು. ಆದರೆ ಎಲ್ಲಿ ಹುಡುಕಬೇಕೆಂದು ಈ ಅಂಕಿ ಹೇಳುತ್ತದೆ.

ಹುಡುಕಿದೆವು. ಬಾನೆಟ್ ಎತ್ತಿದರೆ ಎಡಗಡೆಯ ಫೆಂಡರಿನ ಬೋಲ್ಟುಗಳ ಮೂಲೆಯಲ್ಲಿ ಬಣ್ಣ ಕಿತ್ತಿತ್ತು. ಕಾರ್ಖಾನೆಯಲ್ಲಿ ಬೋಲ್ಟು ಬಿಗಿದ ಮೇಲೆ ಬಣ್ಣ ಹೊಡೆಯುತ್ತಾರೆ, ಸ್ಪಾನರ್ ಒಮ್ಮೆ ತಾಗಿದರೆ ಗುರುತು ಹೋಗುವುದಿಲ್ಲ. ಫೆಂಡರು ಬದಲಾದರೆ ದೊಡ್ಡ ವಿಷಯವೇನಲ್ಲ, ಬೈಕಿನವನು ಉಜ್ಜಿದರೂ ಬದಲಾಯಿಸುತ್ತಾರೆ. ಮೆಕ್ಯಾನಿಕ್ ಮುಂದಿನ ಎಡಬಾಗಿಲು ತೆರೆದು, ಚೌಕಟ್ಟಿನ ರಬ್ಬರ್ ಬೀಡಿಂಗನ್ನು ಒಂದು ಗೇಣಷ್ಟು ಕೆಳಕ್ಕೆಳೆದ. ಅದರಡಿ ತಗಡಿನ ಅಂಚಿನಲ್ಲಿ ಕಡಲೆಕಾಳಿನಷ್ಟು ಅಗಲದ ಗುಳಿಗಳು ಒಂದೇ ಅಂತರದಲ್ಲಿ ಸಾಲಾಗಿರಬೇಕು, ಅದು ಕಾರ್ಖಾನೆಯ ಸ್ಪಾಟ್ ವೆಲ್ಡಿಂಗು. ಇಲ್ಲಿ ಮೇಲ್ಗಡೆ ಸಾಲು ಸರಿಯಿತ್ತು, ಕೆಳಗೆ ಬರುತ್ತ ಗುಳಿಗಳೇ ಮಾಯವಾಗಿ ಮೇಣ ಸವರಿದಂಥ ದಪ್ಪ ಬಣ್ಣ. ಕಂಬವನ್ನೇ ಕತ್ತರಿಸಿ ಬೆಸೆದಿದ್ದರು. ಮುಂದೊಂದು ದಿನ ಪಕ್ಕದಿಂದ ಏಟು ಬಿದ್ದರೆ ಒಳಗಿದ್ದವರನ್ನು ಕಾಯಬೇಕಾದ ಕಂಬ ಅದು. ತಂಗಿ ಮಗಳನ್ನು ಹಿಂದಿನ ಸೀಟಿನಿಂದ ಇಳಿಸಿಕೊಂಡಳು.

ಎರಡನೆಯ ಕಾರು ನೋಡಿದ್ದು ಮಲ್ಲೇಶ್ವರದ ಒಂದು ಮನೆಯ ಗೇಟಿನೊಳಗೆ, ನಿವೃತ್ತ ಬ್ಯಾಂಕ್ ಅಧಿಕಾರಿಯದು. ಅದೇ ಮಾದರಿ, ಅದೇ ವರ್ಷ, 41,000 ಕಿಲೋಮೀಟರ್. ವಿಮೆಯಲ್ಲಿ ಬೋನಸ್ 50, ಸರ್ವೀಸಿನ ಬಿಲ್ಲುಗಳು ಒಂದು ರಟ್ಟಿನ ಫೈಲಿನಲ್ಲಿ ವರ್ಷದ ಪ್ರಕಾರ. ಹೋಗುವ ಮುಂಚೆ ಫೋನಿನಲ್ಲಿ ಒಂದೇ ಮಾತು ಕೇಳಿಕೊಂಡಿದ್ದೆ, ನಾವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ. ಬಿಸಿಯಾದ ಎಂಜಿನ್ ತನ್ನ ಬಹಳಷ್ಟು ರೋಗ ಮುಚ್ಚಿಟ್ಟುಕೊಳ್ಳುತ್ತದೆ. ಬಾನೆಟ್ ಮೇಲೆ ಕೈಯಿಟ್ಟರೆ ತಣ್ಣಗಿತ್ತು. ಸ್ಟಾರ್ಟ್ ಮಾಡಿ ಹಿಂದೆ ನಿಂತು ನೋಡಿದರೆ ಹೊಗೆಯಿಲ್ಲ. ನೀಲಿ ಹೊಗೆ ಬಂದಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಳಿ ಹೊಗೆ ಎಷ್ಟು ಹೊತ್ತಾದರೂ ನಿಲ್ಲದಿದ್ದರೆ ಕೂಲೆಂಟು ಒಳಸೇರುತ್ತಿದೆ ಎಂದರ್ಥ. ಎರಡೂ ಎಂಜಿನ್ ಬಿಚ್ಚಿಸುವ ಕಾಯಿಲೆಗಳು.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದೆವು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ನೀರು ನುಗ್ಗಿ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ಹಾಗೆ ನೀರು ಕುಡಿದ ಕಾರಿನ ಸೀಟು, ಕಾರ್ಪೆಟ್ಟು ಎಲ್ಲ ತೊಳೆದು ಒಣಗಿಸಿದರೂ ಸುತ್ತಿಕೊಂಡ ಬೆಲ್ಟಿನ ಒಳತುದಿಯನ್ನು ಯಾರೂ ತೊಳೆಯುವುದಿಲ್ಲ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನಡಿಯ ಹಳಿಗಳ ತುಕ್ಕು, ಸ್ಟೆಪ್ನಿ ಎತ್ತಿದಾಗ ಸಿಗುವ ಒಣಮಣ್ಣು ಇವೂ ಅದೇ ಕಥೆ ಹೇಳುತ್ತವೆ. ಮುಳುಗಿದ ಗಾಡಿ ಮೊದಲ ಆರು ತಿಂಗಳು ಚೆನ್ನಾಗಿಯೇ ಓಡುತ್ತದೆ. ವೈರುಗಳ ಕೀಲು ಒಂದೊಂದಾಗಿ ಕೈಕೊಡುವುದು ಆಮೇಲೆ.

ಓಡಿಸಿ ನೋಡಿದಾಗ ಒಂದು ದೋಷ ಸಿಕ್ಕಿತು. ಕ್ಲಚ್ ಬಹಳ ಮೇಲೆ ಹಿಡಿಯುತ್ತಿತ್ತು. ಸಮತಟ್ಟಿನಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದು, ಮೂರನೇ ಗೇರಿಗೆ ಹಾಕಿ ನಿಧಾನ ಕ್ಲಚ್ ಬಿಟ್ಟರೆ ಎಂಜಿನ್ ತಕ್ಷಣ ಉಸಿರುಕಟ್ಟಿ ನಿಲ್ಲಬೇಕು. ಇದು ಒಂದು ಗಳಿಗೆ ಒದ್ದಾಡಿಕೊಂಡು ನಿಂತಿತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 41 ಸಾವಿರ ಕಿಲೋಮೀಟರ್ ಅರ್ಧ ಕ್ಲಚ್ಚಿನಲ್ಲಿ ಓಡಿದ ಗಾಡಿಯಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಹೆದ್ದಾರಿಯ 80 ಸಾವಿರಕ್ಕಿಂತ ನಗರದ 40 ಸಾವಿರ ಗಾಡಿಯನ್ನು ಹೆಚ್ಚು ಸವೆಸುತ್ತದೆ. ಕಡಿಮೆ ಓಡಿದೆ ಎಂಬುದನ್ನೇ ಹಿಡಿದುಕೊಂಡು ಹಣ ಕೊಡುವವರು ಇದನ್ನು ಮರೆಯುತ್ತಾರೆ.

ಚೌಕಾಸಿಯಾಗಿ 5 ಲಕ್ಷ 20 ಸಾವಿರಕ್ಕೆ ಮಾತು ನಿಂತಿತು. ಅಂದು ರಾತ್ರಿ ತಂಗಿಯ ಮನೆಯ ಊಟದ ಮೇಜಿನಲ್ಲಿ ಕೂತು ಹಳೆಯದರ ಬದಿಯ ಲೆಕ್ಕ ಪೂರ್ತಿ ಬರೆದೆವು. ಆರು ವರ್ಷ ಹಳೆಯ ಟೈರು ಗೀರುಬಿಟ್ಟಿದ್ದವು, ನಾಲ್ಕಕ್ಕೆ 22 ಸಾವಿರ. ಕ್ಲಚ್ಚಿಗೆ 12 ಸಾವಿರ. ಬ್ಯಾಟರಿ, ಬ್ರೇಕ್ ಪ್ಯಾಡು, ಆಯಿಲ್ಲು ಸೇರಿ 15 ಸಾವಿರ. ವಿಮೆ ಮತ್ತು ಹೆಸರು ಬದಲಾವಣೆಗೆ 18 ಸಾವಿರ. 5 ಲಕ್ಷ 20 ಸಾವಿರದ ಗಾಡಿ 5 ಲಕ್ಷ 87 ಸಾವಿರಕ್ಕೆ ಬಂದು ನಿಂತಿತು. ಹೊಸದಕ್ಕಿಂತ ಉಳಿದದ್ದು 18 ಸಾವಿರ.

ಆ 18 ಸಾವಿರವನ್ನೂ ಬಡ್ಡಿ ನುಂಗಿತು. ಹೊಸ ಕಾರಿಗೆ ಅವರ ಬ್ಯಾಂಕು ನೂರಕ್ಕೆ 9ರ ದರದಲ್ಲಿ ಕೊಡುತ್ತಿತ್ತು, ಹಳೆಯದಕ್ಕೆ 14. ಐದು ವರ್ಷಕ್ಕೆ 4 ಲಕ್ಷ ಸಾಲವೆಂದರೆ ಮೊದಲನೆಯದಕ್ಕೆ ತಿಂಗಳ ಕಂತು 8,303, ಎರಡನೆಯದಕ್ಕೆ 9,307. ತಿಂಗಳಿಗೆ ಸಾವಿರ ರೂಪಾಯಿ ಏನು ಮಹಾ ಅನಿಸುತ್ತದೆ, ಕೊನೆಗೆ 60 ಸಾವಿರವಾಗುತ್ತದೆ. ಜೊತೆಗೆ ಐದು ವರ್ಷ ಕಳೆದ ಮೇಲೆ ಹೊಸದಾಗಿ ತಂದದ್ದು ಐದು ವರ್ಷದ ಗಾಡಿ, ಹಳೆಯದಾಗಿ ತಂದದ್ದು ಹನ್ನೊಂದರ ಹತ್ತಿರದ ಗಾಡಿ. ನೋಂದಣಿಯ 15 ವರ್ಷದ ಅವಧಿ ಮುಗಿಯಲು ನಾಲ್ಕೇ ವರ್ಷ ಉಳಿದ ಗಾಡಿಗೆ ಗಿರಾಕಿ ಕಡಿಮೆ.

ತಂಗಿಯ ಗಂಡನಿಗೆ ಬೇಸರವಾಯಿತು. "ಹಾಗಾದ್ರೆ ಹಳೇದು ದಂಡ ಅಂತೀರಾ, ಭಾವ?"

ದಂಡವಲ್ಲ. ಹಳೆ ಕಾರು ಕೊಳ್ಳಲು ಎರಡು ಕಾರಣಗಳಿರುತ್ತವೆ, ಜನ ಎರಡನ್ನೂ ಕಲಸಿಕೊಳ್ಳುತ್ತಾರೆ. ಅಷ್ಟೇ ಹಣಕ್ಕೆ ಒಂದು ಮೆಟ್ಟಿಲು ಮೇಲಿನ ಕಾರು ಬೇಕು ಎಂಬುದು ಒಂದು. ಆಗ ನಾಲ್ಕು ಸಿಲಿಂಡರಿನ ಎಂಜಿನ್ನು, ಡಿಕ್ಕಿ, ಐದು ಜನ ಕೂತು ಏಸಿ ಹಾಕಿದರೂ ಕುಣಿಗಲ್ ರಸ್ತೆಯಲ್ಲಿ ಏದುಸಿರು ಬಿಡದ ಗಾಡಿ ಸಿಗುತ್ತದೆ. ಅದು ಸುಖ, ಅದಕ್ಕೆ ಬೆಲೆಯಿದೆ, ಆದರೆ ಅದನ್ನು ಉಳಿತಾಯ ಎನ್ನಬಾರದು. ಇನ್ನೊಂದು ಕಾರಣ ನಿಜವಾಗಿ ಹಣ ಉಳಿಸುವುದು. ಅದಕ್ಕೆ ದೊಡ್ಡ ಕಾರಿನ ಕಡೆ ನೋಡಲೇಬಾರದು. ಹೊಸದಾಗಿ ತರಬೇಕೆಂದಿದ್ದ ಅದೇ ಸಣ್ಣ ಕಾರನ್ನು ಮೂರು ವರ್ಷ ಹಳೆಯದಾಗಿ ತರಬೇಕು. ಬೆಲೆ ಜೋರಾಗಿ ಕುಸಿಯುವುದು ಆ ಮೊದಲ ಮೂರು ವರ್ಷಗಳಲ್ಲೇ. ಕರ್ನಾಟಕದಲ್ಲಿ ಇನ್ನೊಂದು ಲಾಭವುಂಟು. ಮೊದಲ ಮಾಲೀಕರು ಕಟ್ಟಿದ ಆ 72 ಸಾವಿರದ ತೆರಿಗೆ ಗಾಡಿಗೆ ಅಂಟಿಕೊಂಡೇ ಬರುತ್ತದೆ, ಎರಡನೆಯವರು ಮತ್ತೆ ಕಟ್ಟಬೇಕಿಲ್ಲ. ಇದೇ ಕಾರಣಕ್ಕೆ ದೆಹಲಿ, ಹರಿಯಾಣದ ನಂಬರಿನ ಗಾಡಿ ಲಕ್ಷ ಕಡಿಮೆಗೆ ಸಿಗುತ್ತದೆಂದು ಹಿಗ್ಗಬಾರದು, ಅದನ್ನು ಇಲ್ಲಿ ನೋಂದಾಯಿಸುವಾಗ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಕರ್ನಾಟಕದ ತೆರಿಗೆ ಕಟ್ಟಲೇಬೇಕು.

ಸೆಡಾನನ್ನು ಕೊನೆಗೆ ಕೈಬಿಟ್ಟದ್ದು ಮಾತ್ರ ಈ ಯಾವ ಲೆಕ್ಕದಿಂದಲೂ ಅಲ್ಲ. ಮರುದಿನ ತಂಗಿಯ ಅತ್ತೆಯನ್ನು ಕರೆದೊಯ್ದು ಕೂರಿಸಿದರೆ, ಕೂತರು, ಏಳಲಾಗಲಿಲ್ಲ. ಸೀಟು ಅಷ್ಟು ತಗ್ಗು. ಬಾಗಿಲ ಚೌಕಟ್ಟು ಹಿಡಿದು ಎರಡು ಸಲ ಯತ್ನಿಸಿ, "ನೀವು ಹೋಗ್ಬನ್ನಿ, ನಾನು ಇಲ್ಲೇ ಇರ್ತೀನಿ" ಎಂದು ನಕ್ಕುಬಿಟ್ಟರು. ಆಸ್ಪತ್ರೆಗೆಂದು ಕೊಳ್ಳುವ ಕಾರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಎತ್ತರದ ಸೀಟಿನ ಸಣ್ಣ ಹ್ಯಾಚ್‌ಬ್ಯಾಕೇ ಸೈ ಎಂದಾಯಿತು.

ಅದರಲ್ಲೂ ಯಾವ ವರ್ಷದ್ದು ಎಂಬುದರಲ್ಲಿ ನಾನು ಹಟ ಹಿಡಿದೆ. ಎಬಿಎಸ್ ಬ್ರೇಕು, ಚಾಲಕನ ಏರ್‌ಬ್ಯಾಗು ಎಲ್ಲ ಕಾರಿಗೂ ಕಡ್ಡಾಯವಾದದ್ದು 2019ರಲ್ಲಿ. ಪಕ್ಕದಲ್ಲಿ ಕೂತವರ ಏರ್‌ಬ್ಯಾಗು ಹಳೆಯ ಮಾದರಿಗಳಿಗೂ ಕಡ್ಡಾಯವಾದದ್ದು 2021ರ ಕೊನೆಗೆ. ಹಾಗಾಗಿ ಸಣ್ಣ ಕಾರಿನ ಅಗ್ಗದ ಅವತರಣಿಕೆಯಾದರೆ 2022 ಮತ್ತು ಆಮೇಲಿನದನ್ನೇ ನೋಡುವುದು ಕ್ಷೇಮ. ಈ ಒಂದು ವಿಷಯದಲ್ಲಿ ಹೊಸ ಕಾರು ಮುಂದಿದೆ ಎಂದು ಒಪ್ಪಲೇಬೇಕು. ಈಗ ಹಲವು ಸಣ್ಣ ಕಾರುಗಳಲ್ಲೂ ಆರು ಏರ್‌ಬ್ಯಾಗು ಬರುತ್ತಿದೆ. ಪೆಟ್ರೋಲಿನಲ್ಲಿ ನೂರಕ್ಕೆ 20 ಎಥೆನಾಲ್ ಬೆರೆಸಿದರೂ ತಾಳುವಂತೆ ಎಂಜಿನ್ನು ರೂಪಿಸಿರುವುದು 2023ರ ಏಪ್ರಿಲ್‌ನಿಂದೀಚಿನ ಗಾಡಿಗಳಲ್ಲಿ. ಅದಕ್ಕಿಂತ ಹಳೆಯದನ್ನು ಕೊಂಡವರು ಮೈಲೇಜು ತುಸು ಇಳಿಯುವುದನ್ನು ಒಪ್ಪಿಕೊಂಡು, ಇಂಧನದ ರಬ್ಬರ್ ಪೈಪುಗಳನ್ನು ಪ್ರತಿ ಸರ್ವೀಸಿನಲ್ಲೂ ನೋಡಿಸಬೇಕು.

ಸಿಕ್ಕಿದ್ದು 2022ರ ಆಗಸ್ಟಿನ ಗಾಡಿ, ನಡುವಿನ ಅವತರಣಿಕೆ, 24,000 ಕಿಲೋಮೀಟರ್, ವಿಜಯನಗರದ ಒಬ್ಬ ಶಿಕ್ಷಕಿಯದು. ವಿಮೆಯಲ್ಲಿ ಬೋನಸ್ 35, ಮೂರು ವರ್ಷಕ್ಕೆ ಎಷ್ಟಿರಬೇಕೋ ಅಷ್ಟೇ. ಟೈರುಗಳ ಮೇಲೆ 2022ರ ಅಂಕಿ, ಐದರ ಮೇಲೂ. 4 ಲಕ್ಷ 40 ಸಾವಿರಕ್ಕೆ ಒಪ್ಪಿದರು. ವಿಮೆ, ಹೆಸರು ಬದಲಾವಣೆ, ಒಂದು ಸರ್ವೀಸು ಸೇರಿ 4 ಲಕ್ಷ 65 ಸಾವಿರ. ಸಾಲ 4 ಲಕ್ಷದ ಬದಲು 2 ಲಕ್ಷ 65 ಸಾವಿರಕ್ಕೆ ಇಳಿಯಿತು. ಬಡ್ಡಿದರ 14 ಆದರೂ ಕಂತು 6,166, ಹೊಸದಕ್ಕಿಂತ ತಿಂಗಳಿಗೆ 2 ಸಾವಿರ ಕಡಿಮೆ. ಮೆಕ್ಯಾನಿಕ್ ಇಲ್ಲದೆ, ಕಾಗದ ಓದುವ ತಾಳ್ಮೆಯಿಲ್ಲದೆ ಹೊರಟಿದ್ದರೆ ನಾನು ಅವರಿಗೆ ಹೊಸದನ್ನೇ ತಗೊಳ್ಳಿ ಎನ್ನುತ್ತಿದ್ದೆ.

ಹಣ ಕೊಡುವ ದಿನ ಶಿಕ್ಷಕಿ ಫಾರಂ 29 ಮತ್ತು 30ಕ್ಕೆ ಸಹಿ ಮಾಡಿದರು. ಖಾಲಿ ಫಾರಮ್ಮಿಗೆ ಸಹಿ ಕೊಡಬೇಡಿ, ನಮ್ಮ ಹೆಸರು, ತಾರೀಕು ತುಂಬಿಸಿಯೇ ಸಹಿ ಮಾಡಿ ಎಂದು ನಾನೇ ಹೇಳಿದೆ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗಾಡಿಯ ಮೇಲಿದ್ದ ಹಳೆಯ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರವನ್ನೂ ಫಾರಂ 35ನ್ನೂ ಜೊತೆಗಿಟ್ಟೆವು. ಬಾಕಿ ಟ್ರಾಫಿಕ್ ದಂಡ ನೋಡಿದರೆ ಎರಡಿತ್ತು, ನೋ ಪಾರ್ಕಿಂಗಿನದು. ಅವರೇ ನಾಚಿಕೊಂಡು ಅಲ್ಲೇ ಮೊಬೈಲಿನಲ್ಲಿ ಕಟ್ಟಿದರು. ವಿಮೆಯ ಹೆಸರನ್ನು 14 ದಿನದೊಳಗೆ ಬದಲಾಯಿಸಲು ಅರ್ಜಿ ಹೋಯಿತು. ಬೋನಸ್ ಮಾತ್ರ ಗಾಡಿಯ ಜೊತೆ ಬರುವುದಿಲ್ಲ, ಅದು ಮಾಲೀಕರ ಸ್ವತ್ತು. ಆ 35ನ್ನು ಅವರು ತಮ್ಮ ಮುಂದಿನ ಕಾರಿಗೆ ಒಯ್ದರು, ತಂಗಿಯ ಮನೆಯವರು ಸೊನ್ನೆಯಿಂದ ಶುರುಮಾಡಿದರು.

ಎಲ್ಲ ಮುಗಿಯಿತೆಂದುಕೊಂಡೆವು. ಮುಂದಿನ ಭಾನುವಾರ ತಿಪಟೂರಿಗೆ ಹೊರಟವರು ನೆಲಮಂಗಲದ ಟೋಲು ದಾಟಿ ಐದು ನಿಮಿಷವಾಗಿಲ್ಲ, ತಂಗಿಗೆ ಶಿಕ್ಷಕಿಯಿಂದ ಫೋನು. "ಊರಿಗೆ ಹೊರಟ್ರೇನಮ್ಮಾ? ಟೋಲ್ ದುಡ್ಡು ನನ್ನ ಅಕೌಂಟಿಂದ ಕಟ್ ಆಯ್ತು." ಗಾಜಿನ ಮೇಲಿನ ಹಳೆಯ ಫಾಸ್ಟ್ಯಾಗ್ ಮುಚ್ಚಿಸುವುದು ನಮಗ್ಯಾರಿಗೂ ನೆನಪಾಗಿರಲಿಲ್ಲ. ವಾಪಸ್ ಬರುವಾಗ ಅವರ ಮನೆಗೆ ಎರಡು ಎಳನೀರು ಮತ್ತು ಟೋಲಿನ ಹಣ ತಲುಪಿತು.